ಟಿಕೆಟ್ಟಿನ ಚಿತ್ರದಲ್ಲಿ ಅಡಗಿರುವ ಲೆಕ್ಕ: ಅತಿಥಿಗಳ ಪ್ರಯಾಣವೆಚ್ಚದ ಬಗ್ಗೆ ಒಂದು ಅಭಿಪ್ರಾಯ



ತಾಯ್ನಾಡಿನಿಂದ ಕಲಾವಿದರನ್ನೂ ಸಾಹಿತಿಗಳನ್ನೂ ಆಹ್ವಾನಿಸುವಾಗ ಬೆಂಗಳೂರಿನಿಂದ ಲಂಡನ್ನಿಗೆ ಬಂದುಹೋಗುವ ವಿಮಾನದ ಟಿಕೆಟ್ಟನ್ನು ನಮ್ಮ ಸಂಘವೇ ನೇರವಾಗಿ ಖರೀದಿಸುತ್ತದೆ. ಆ ಲೆಕ್ಕದಲ್ಲಿ ಎಂದೂ ತಕರಾರು ಬಂದದ್ದಿಲ್ಲ. ತಕರಾರು ಹುಟ್ಟುವುದು ಅತಿಥಿಗಳು ತಮ್ಮ ಊರಿನಿಂದ ಬೆಂಗಳೂರಿಗೆ ಓಡಾಡಿದ ಖರ್ಚಿನಲ್ಲಿ. ಬ್ರಿಟನ್ನಿನ ವೀಸಾಕ್ಕೆ ಬೆರಳಚ್ಚು ಕೊಡಲು ವೀಸಾ ಅರ್ಜಿ ಕೇಂದ್ರಕ್ಕೆ ಖುದ್ದಾಗಿ ಹೋಗಲೇಬೇಕು. ಧಾರವಾಡದಲ್ಲಿರುವವರು ಅದಕ್ಕಾಗಿ ಬೆಂಗಳೂರಿಗೆ ಒಮ್ಮೆ ಹೋಗಿಬರಬೇಕು. ಆ ಪ್ರಯಾಣದ ಬಿಲ್ಲುಗಳು ವಾಟ್ಸಾಪಿನಲ್ಲಿ, ಮೊಬೈಲ್ ಪರದೆಯ ಚಿತ್ರಗಳಾಗಿ, ನಮ್ಮ ಖಜಾಂಚಿಗಳ ಕೈಸೇರುತ್ತವೆ.

ಇಂಥ ಖರ್ಚಿಗೆ ನಮ್ಮಲ್ಲಿರುವ ನಿಯಮ ಒಂದೇ ಸಾಲಿನದು: ಮೂಲ ದರವನ್ನೂ ತೆರಿಗೆಯನ್ನೂ ಸಂಘ ಕೊಡುತ್ತದೆ, ಕನ್ವೀನಿಯನ್ಸ್ ಫೀ ಕೊಡುವುದಿಲ್ಲ. ಕೇಳಲು ಇದು ಸ್ಪಷ್ಟವಾಗಿಯೇ ಇದೆ. ಆದರೆ ಈ ನಿಯಮವನ್ನು ಬದಲಿಸಬೇಕೆಂಬುದು ನನ್ನ ಅಭಿಪ್ರಾಯ. ಅದು ಜಿಪುಣತನದ ನಿಯಮ ಎಂಬುದಕ್ಕಿಂತ, ಒಂದೇ ಟಿಕೆಟ್ಟಿಗೆ ಓದುವವರಿಗೆ ತಕ್ಕಂತೆ ಬೇರೆ ಬೇರೆ ಮೊತ್ತವನ್ನು ಕೊಡುವ ನಿಯಮ ಎಂಬುದೇ ನನ್ನ ಮುಖ್ಯ ಆಕ್ಷೇಪ. ಇದನ್ನು ವಿವರಿಸಲು ಧಾರವಾಡದ ಒಬ್ಬ ಗಾಯಕರ ಪ್ರಯಾಣವನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ಸರಳಗೊಳಿಸಿದ್ದೇನೆ. ಬಿಲ್ಲಿನ ರಚನೆ ಮಾತ್ರ ನಿಜವಾದ ಬಿಲ್ಲುಗಳದ್ದೇ.

ಗಾಯಕರು ರಾತ್ರಿಯ ಹವಾನಿಯಂತ್ರಿತ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಧಾರವಾಡದಿಂದ ಬೆಂಗಳೂರಿಗೆ ಬಂದರು. ಅಂದೇ ಸಂಜೆ ಊರಿನಲ್ಲಿ ಕಛೇರಿಯಿದ್ದುದರಿಂದ ಮಧ್ಯಾಹ್ನದ ವಿಮಾನದಲ್ಲಿ ಹುಬ್ಬಳ್ಳಿಗೆ ಮರಳಿದರು. ಎರಡು ಟಿಕೆಟ್ಟುಗಳನ್ನೂ ಅವರ ಮಗಳು ಎರಡು ಬೇರೆ ಬೇರೆ ಜಾಲತಾಣಗಳಲ್ಲಿ ಕಾಯ್ದಿರಿಸಿದ್ದಳು.

ಮೊದಲು ಬಸ್ಸಿನ ಚಿತ್ರವನ್ನು ನೋಡೋಣ. ಅದರಲ್ಲಿ ಪ್ರಯಾಣದರ 1,200 ರೂಪಾಯಿ, ಜಿಎಸ್‌ಟಿ 60 ರೂಪಾಯಿ, ಕೂಪನ್ ರಿಯಾಯಿತಿ 100 ರೂಪಾಯಿ, ಕನ್ವೀನಿಯನ್ಸ್ ಫೀ 29.50 ರೂಪಾಯಿ, ಪ್ರಯಾಣವಿಮೆ 20 ರೂಪಾಯಿ, ಒಟ್ಟು 1,209.50 ರೂಪಾಯಿ ಎಂದಿದೆ. ಹವಾನಿಯಂತ್ರಿತ ಬಸ್ಸಿನ ದರಕ್ಕೆ ಜಿಎಸ್‌ಟಿ ಶೇಕಡಾ 5. ಜಾಲತಾಣದ ಸೇವಾಶುಲ್ಕಕ್ಕೆ ಶೇಕಡಾ 18. ಈ ಎರಡು ಸಂಖ್ಯೆಗಳು ನೆನಪಿನಲ್ಲಿದ್ದರೆ ಚಿತ್ರದ ಮುಕ್ಕಾಲು ಭಾಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. 1,200ರ ಶೇಕಡಾ 5 ಎಂದರೆ 60. ಅಂದರೆ ತೆರಿಗೆಯನ್ನು ಪೂರ್ಣ ದರದ ಮೇಲೆ ಹಾಕಲಾಗಿದೆ. 100 ರೂಪಾಯಿಯ ರಿಯಾಯಿತಿ ಆಮೇಲೆ ಬಂದಿದೆ. ಬಸ್ಸಿನವರೇ ದರವನ್ನು ಇಳಿಸಿದ್ದರೆ ತೆರಿಗೆ 1,100ರ ಮೇಲೆ ಬಿದ್ದು 55 ಆಗುತ್ತಿತ್ತು. ಹಾಗೆಯೇ 29.50 ಎಂಬ ವಿಚಿತ್ರ ಸಂಖ್ಯೆಯನ್ನು 1.18ರಿಂದ ಭಾಗಿಸಿದರೆ ಸರಿಯಾಗಿ 25 ಬರುತ್ತದೆ. ಶುಲ್ಕ 25 ರೂಪಾಯಿ, ಅದರ ಮೇಲಿನ ತೆರಿಗೆ 4.50. ಈ ನಾಲ್ಕೂವರೆ ರೂಪಾಯಿ ತೆರಿಗೆಯೇ ಆದರೂ ಪ್ರಯಾಣದ ತೆರಿಗೆಯಲ್ಲ. ಅದು ಶುಲ್ಕದ ಬಾಲ. ಶುಲ್ಕ ಎಲ್ಲಿಗೆ ಹೋಗುತ್ತದೋ ಅದೂ ಅಲ್ಲಿಗೇ ಹೋಗಬೇಕು.

ಈಗ ನಮ್ಮ ನಿಯಮವನ್ನು ಇದಕ್ಕೆ ಅನ್ವಯಿಸಿ ನೋಡಿ. ಮೂಲ ದರ 1,200, ತೆರಿಗೆ 60, ಒಟ್ಟು 1,260 ರೂಪಾಯಿ. ಗಾಯಕರ ಜೇಬಿನಿಂದ ಹೋದದ್ದು 1,209.50 ಮಾತ್ರ. ಶುಲ್ಕವನ್ನು ಕೊಡುವುದಿಲ್ಲವೆಂದು ಬಿಗಿಯಾಗಿ ನಿಂತ ನಿಯಮ, ರಿಯಾಯಿತಿಯ ಸಾಲನ್ನು ಗಮನಿಸದೆ, ಅವರು ತೆತ್ತದ್ದಕ್ಕಿಂತ 50.50 ರೂಪಾಯಿ ಹೆಚ್ಚು ಕೊಟ್ಟಿತು! ಮೊತ್ತ ಚಿಕ್ಕದು, ನಿಜ. ಆದರೆ ವಾರ್ಷಿಕ ಸಭೆಯಲ್ಲಿ ಲೆಕ್ಕ ಒಪ್ಪಿಸುವವರಿಗೆ ಇದಕ್ಕಿಂತ ಇರಿಸುಮುರಿಸಿನ ಪ್ರಶ್ನೆ ಇನ್ನೊಂದಿರಲಾರದು.

ಸರ್ಕಾರಿ ಸಾರಿಗೆಯ ಟಿಕೆಟ್ಟಿನ ಬಗ್ಗೆಯೂ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಅದರಲ್ಲಿ ಮೀಸಲಾತಿ ಶುಲ್ಕ, ಟೋಲ್, ಅಪಘಾತ ಪರಿಹಾರ ನಿಧಿಯಂಥ ಸಣ್ಣಪುಟ್ಟ ಸೇರ್ಪಡೆಗಳಿರುತ್ತವೆ. ಇವುಗಳನ್ನು ಕನ್ವೀನಿಯನ್ಸ್ ಫೀ ಎಂದು ಕತ್ತರಿಸುವುದು ಸರಿಯಲ್ಲ. ಅವು ಬಸ್ಸನ್ನು ಓಡಿಸುವ ಸಂಸ್ಥೆಯೇ ಆ ಸೀಟಿಗಾಗಿ ಪಡೆಯುವ ಹಣ. ಅವುಗಳನ್ನು ಪ್ರಯಾಣದರದ ಭಾಗವೆಂದೇ ಎಣಿಸಬೇಕು.

ವಿಮಾನದ ಚಿತ್ರ ಇನ್ನೂ ಗಹನವಾದದ್ದು. ಜಾಲತಾಣದ ಪರದೆಯ ಮೇಲೆ `Base Fare` 3,000, `Taxes & Surcharges` 1,306, `Convenience Fee` 354, ವಿಮೆ 199, ದಾನ 10, ಒಟ್ಟು 4,869 ರೂಪಾಯಿ ಎಂದಿದೆ. ನಮ್ಮವರ ಕಣ್ಣು ನೇರವಾಗಿ ಎರಡನೆಯ ಸಾಲಿಗೆ ಹೋಗಿ, ಅದರ ಮೊದಲ ಪದವನ್ನಷ್ಟೇ ಓದಿ, 1,306 ರೂಪಾಯಿಯನ್ನು ತೆರಿಗೆಯ ಅಂಕಣದಲ್ಲಿ ಬರೆದುಬಿಡುತ್ತದೆ. ಇನ್ನೊಬ್ಬ ಪರಿಶೀಲಕರು, 3,000 ರೂಪಾಯಿಗೆ 1,306 ರೂಪಾಯಿ ತೆರಿಗೆಯೇ ಎಂದು ಹುಬ್ಬೇರಿಸಿ, ಸಾಮಾನ್ಯ ದರ್ಜೆಗೆ ಜಿಎಸ್‌ಟಿ ಶೇಕಡಾ 5 ತಾನೇ ಎಂದು ವಾದಿಸಿ, ಉಳಿದುದನ್ನು ತಡೆಹಿಡಿಯುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಆದರೆ ಆ ಸಾಲು ಮೂರು ಬೇರೆ ಬೇರೆ ಕೈಗಳಿಗೆ ಸೇರುವ ಹಣದ ಗಂಟು ಎಂಬುದನ್ನು ಇಬ್ಬರೂ ನೋಡಿಲ್ಲ.

ಆ ಸಾಲಿನ ಪಕ್ಕದಲ್ಲಿರುವ ಗುರುತನ್ನು ಒತ್ತಿದರೆ, ಅಥವಾ ಏಜೆಂಟರು ಕೊಡುವ ಇ-ಟಿಕೆಟ್ಟನ್ನು ನೋಡಿದರೆ, ಗಂಟು ಹೀಗೆ ಬಿಚ್ಚಿಕೊಳ್ಳುತ್ತದೆ:

```
400YQ 170K3 236P2 500IN
```

`YQ` ಎಂಬುದು, ಕೆಲವೊಮ್ಮೆ ಅದರ ಜಾಗದಲ್ಲಿ ಬರುವ `YR` ಕೂಡ, ವಿಮಾನಯಾನ ಸಂಸ್ಥೆಯೇ ವಿಧಿಸುವ ಇಂಧನ ಮೊದಲಾದ ಹೆಚ್ಚುವರಿ ದರ. ಹೆಸರು ಏನೇ ಇರಲಿ, ಅದು ತೆರಿಗೆಯಲ್ಲ. ಮೂಲ ದರದಂತೆಯೇ ಸಂಸ್ಥೆಯ ಆದಾಯ. `K3` ಭಾರತದ ಜಿಎಸ್‌ಟಿ. `P2` ವಿಮಾನಯಾನ ಭದ್ರತಾ ಶುಲ್ಕ. `IN` ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ. ಇದು ನಿಲ್ದಾಣದಿಂದ ನಿಲ್ದಾಣಕ್ಕೆ ವ್ಯತ್ಯಾಸವಾಗುತ್ತದೆ. ಆದ್ದರಿಂದಲೇ ಒಂದೇ ದಾರಿಯ ಹೋಗುವ ಟಿಕೆಟ್ಟಿಗೂ ಬರುವ ಟಿಕೆಟ್ಟಿಗೂ ಈ ಸಾಲು ಬೇರೆಯಾಗಿರಬಹುದು, ಅದರಲ್ಲಿ ಸಂಶಯಪಡುವಂಥದ್ದೇನೂ ಇಲ್ಲ.

ಗಂಟು ಸರಿಯಾಗಿ ಬಿಚ್ಚಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯುಂಟು. ವಿಮಾನದ ಜಿಎಸ್‌ಟಿಯನ್ನು ಲೆಕ್ಕ ಹಾಕುವುದು ಮೂಲ ದರದ ಮೇಲೆ ಮಾತ್ರವಲ್ಲ, ಒಟ್ಟು ಟಿಕೆಟ್ಟಿನ ಮೇಲೂ ಅಲ್ಲ. ಮೂಲ ದರ ಮತ್ತು ಸಂಸ್ಥೆಯ ಹೆಚ್ಚುವರಿ ದರಗಳ ಮೊತ್ತದ ಮೇಲೆ. ನಿಲ್ದಾಣದ ಶುಲ್ಕಗಳನ್ನು ಸಂಸ್ಥೆ ಬೇರೆಯವರ ಪರವಾಗಿ ಸಂಗ್ರಹಿಸಿಕೊಡುತ್ತದೆಯಾದ್ದರಿಂದ ಅವು ಈ ಶೇಕಡಾ 5ರ ಲೆಕ್ಕಕ್ಕೆ ಬರುವುದಿಲ್ಲ. 3,000ಕ್ಕೆ 400 ಕೂಡಿಸಿದರೆ 3,400. ಅದರ ಶೇಕಡಾ 5 ಎಂದರೆ 170. ಚಿತ್ರದಲ್ಲಿಯೂ 170 ಇದೆ. ಸೀಟನ್ನು ಆರಿಸಿಕೊಳ್ಳಲು ಸಂಸ್ಥೆಗೇ ಹಣ ತೆತ್ತಿದ್ದರೆ ಆ ಮೊತ್ತವೂ ತೆರಿಗೆಯ ಲೆಕ್ಕದೊಳಗೆ ಸೇರಿ, 170ರ ಬದಲು ಸ್ವಲ್ಪ ಹೆಚ್ಚಿನ ಅಂಕಿ ಕಾಣಿಸುತ್ತದೆ. ಆಗ, ಸೀಟಿನ ಸಾಲು ಚಿತ್ರದಿಂದ ಕತ್ತರಿಸಿಹೋಗಿದ್ದರೂ, ಅಂಥದ್ದೊಂದು ಇದೆಯೆಂದು ಊಹಿಸಬಹುದು.

ಮಸುಕಾದ ಚಿತ್ರಗಳಿಗೆ ಈ ಪರೀಕ್ಷೆ ವಿಶೇಷವಾಗಿ ನೆರವಾಗುತ್ತದೆ. ವಾಟ್ಸಾಪಿನಲ್ಲಿ ಚಿತ್ರವನ್ನು ಕಳುಹಿಸಿದರೆ ಅದು ಕುಗ್ಗುತ್ತದೆ. 3 ಎಂಬುದು 8ರಂತೆ ಕಾಣುತ್ತದೆ, ಕೆಳಗಿನ ಒಟ್ಟು ಮೊತ್ತ ಅಂಚಿನಲ್ಲಿ ಮರೆಯಾಗಿರುತ್ತದೆ. ಮೂಲ ದರ 3,000 ರೂಪಾಯಿಯೋ 8,000 ರೂಪಾಯಿಯೋ ಎಂಬ ಅನುಮಾನ ಬಂದರೆ ತೆರಿಗೆಯತ್ತ ನೋಡಿ. 8,000 ಆಗಿದ್ದರೆ ಜಿಎಸ್‌ಟಿ 420 ಇರಬೇಕಿತ್ತು. ಆದರೂ ಊಹೆಯಿಂದ ಬಿಲ್ಲನ್ನು ತೀರಿಸುವುದು ನನಗೆ ಸಮ್ಮತವಲ್ಲ. ಪರೀಕ್ಷೆ ಅನುಮಾನವನ್ನು ಬಗೆಹರಿಸಲಿ. ದಾಖಲೆಗೆ ಮೂಲ ಪಿಡಿಎಫ್ ಬೇಕು. ಅದನ್ನು ಚಿತ್ರವಾಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಕಳುಹಿಸಿರೆಂದು ಅತಿಥಿಗಳ ಮನೆಯವರಿಗೆ ವಿನಯದಿಂದ ಹೇಳಿದರೆ, ಅವರು ಖಂಡಿತ ಹಾಗೆಯೇ ಮಾಡುತ್ತಾರೆ.

ಯಾವ ಪಿಡಿಎಫ್ ಎಂಬುದೂ ಮುಖ್ಯ. ಒಂದೇ ವಿಮಾನ ಪ್ರಯಾಣಕ್ಕೆ ಮೂರು ಕಾಗದಗಳು ಬರಬಹುದು. ವಿಮಾನಯಾನ ಸಂಸ್ಥೆಯ ತೆರಿಗೆ ಇನ್ವಾಯ್ಸ್ 4,306 ರೂಪಾಯಿಗೆ. ಜಾಲತಾಣದ ಸ್ವಂತ ಇನ್ವಾಯ್ಸ್ ತನ್ನ ಶುಲ್ಕವಾದ 354 ರೂಪಾಯಿಗೆ ಮಾತ್ರ. ಅದರಲ್ಲಿ ಶುಲ್ಕ 300, ತೆರಿಗೆ 54. ಇವೆರಡನ್ನೂ ವಿಮೆ, ದಾನಗಳೊಂದಿಗೆ ಕೂಡಿಸಿ ತೋರಿಸುವ ಬುಕಿಂಗ್ ಸಾರಾಂಶ 4,869 ರೂಪಾಯಿಗೆ. ಮೂರೂ ಕೈಗೆ ಬಂದಾಗ ಸಾರಾಂಶವನ್ನೂ ಇನ್ವಾಯ್ಸನ್ನೂ ಎರಡು ಪ್ರತ್ಯೇಕ ಖರ್ಚುಗಳೆಂದು ಎಣಿಸಿ ಎರಡು ಸಲ ಪಾವತಿ ಮಾಡುವ ಅಪಾಯವಿದೆ. ಜಾಲತಾಣದ ಇನ್ವಾಯ್ಸ್ ಮಾತ್ರ ಬಂದಾಗ, ಬೆಂಗಳೂರಿನಿಂದ ಹುಬ್ಬಳ್ಳಿಗೆ 354 ರೂಪಾಯಿಯೇ ಎಂದು ಬೆರಗಾಗುವ ಸಂದರ್ಭವೂ ಉಂಟು. ಗೊಂದಲವಾದರೆ ಸೇವೆಯ ಸಂಕೇತಸಂಖ್ಯೆಯನ್ನು ನೋಡಿ: ಪ್ರಯಾಣಿಕರ ಸಾಗಣೆಯ ಇನ್ವಾಯ್ಸಿನಲ್ಲಿ ಅದು 9964 ಎಂದು ಆರಂಭವಾಗುತ್ತದೆ, ಕಾಯ್ದಿರಿಸುವ ಸೇವೆಯದರಲ್ಲಿ 9985 ಎಂದು. ಪಿಎನ್‌ಆರ್ ಒಂದೇ ಆಗಿದ್ದರೆ ಪ್ರಯಾಣವೂ ಒಂದೇ.

ಈಗ ನಮ್ಮ ಒಂದು ಸಾಲಿನ ನಿಯಮ ಈ ವಿಮಾನಕ್ಕೆ ಎಷ್ಟು ಕೊಡುತ್ತದೆ? `Base Fare` ಜೊತೆ ಜಿಎಸ್‌ಟಿಯನ್ನು ಮಾತ್ರ ತೆರಿಗೆಯೆಂದು ಓದಿದವರಿಗೆ 3,170. ಎರಡನೆಯ ಸಾಲನ್ನು ಇಡಿಯಾಗಿ ತೆರಿಗೆಯೆಂದು ಓದಿದವರಿಗೆ 4,306. ಎರಡರ ನಡುವೆ 1,136 ರೂಪಾಯಿ ಅಂತರ. ಇದನ್ನು ತೀರ್ಮಾನಿಸುವುದು ಆ ವರ್ಷದ ಖಜಾಂಚಿ ಯಾರು ಎಂಬುದು! ಅತಿಥಿಗಳಾದರೋ ನಮ್ಮ ವೇದಿಕೆಗೆ ಬಂದವರು. ಹಣ ಕಡಿಮೆಯಾಗಿದೆಯೆಂದು ಬಾಯಿಬಿಟ್ಟು ಹೇಳುವವರಲ್ಲ. ಸಂಕೋಚದಿಂದ ಸುಮ್ಮನಾಗುತ್ತಾರೆ. ಅವರ ಮೌನವನ್ನು ನಾವು ಒಪ್ಪಿಗೆಯೆಂದು ತಿಳಿಯುತ್ತೇವೆ.

ಕನ್ವೀನಿಯನ್ಸ್ ಫೀಯನ್ನು ಕೊಡಬೇಕೋ ಬೇಡವೋ ಎಂಬುದು ಪ್ರತ್ಯೇಕ ಪ್ರಶ್ನೆ. ಕೊಡಬೇಕೆಂಬುದೇ ನನ್ನ ನಿಲುವು. ಅನೇಕ ಕಚೇರಿಗಳು ಇದನ್ನು ಕೊಡುವುದಿಲ್ಲ, ನಾವೇಕೆ ಕೊಡಬೇಕು ಎಂಬ ವಾದವನ್ನು ಕೇಳಿದ್ದೇನೆ. ಅಂಥ ಕಚೇರಿಗಳಲ್ಲಿ ಟಿಕೆಟ್ ಕಾಯ್ದಿರಿಸಲು ಸಾಮಾನ್ಯವಾಗಿ ಸ್ವಂತ ವ್ಯವಸ್ಥೆ ಇರುತ್ತದೆ. ನಮಗೆ ಅಂಥದ್ದಿಲ್ಲ, ಜೊತೆಗೆ, ಹೆಸರು ಮತ್ತು ವಿವರಗಳಿರುವ ಬಿಲ್ಲು ಬೇಕೇಬೇಕೆಂದು ಅತಿಥಿಗಳನ್ನು ಆನ್‌ಲೈನ್ ಬುಕಿಂಗಿಗೆ ದೂಡುವವರೂ ನಾವೇ. ನಮ್ಮ ಷರತ್ತಿನಿಂದ ಹುಟ್ಟಿದ ಖರ್ಚು ನಮ್ಮದು. ವಿಮೆ, ದಾನಗಳ ಮಾತು ಬೇರೆ. ಅವು ಪ್ರಯಾಣಿಕರ ಆಯ್ಕೆ, ಎಷ್ಟೋ ವೇಳೆ ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಗಮನಿಸದೆ ಆದ ಆಯ್ಕೆ. ಇವುಗಳನ್ನು ಸಂಘ ಕೊಡಬೇಕಾಗಿಲ್ಲ; ಆದರೆ ಏಕೆ ಕೊಡಲಿಲ್ಲವೆಂದು ಒಂದು ಸಾಲು ಬರೆಯುವ ಸೌಜನ್ಯ ಬೇಕು.

ಹೀಗೆ ನೋಡಿದರೆ ಬಸ್ಸಿಗೆ, ದರ ಮತ್ತು ತೆರಿಗೆಯಿಂದ ರಿಯಾಯಿತಿಯನ್ನು ಕಳೆದು 1,160, ಅದಕ್ಕೆ ಶುಲ್ಕ 29.50 ಸೇರಿ 1,189.50 ರೂಪಾಯಿ. ವಿಮಾನಕ್ಕೆ 4,306 ಮತ್ತು 354 ಸೇರಿ 4,660. ಎರಡೂ ಕೂಡಿ 5,849.50 ರೂಪಾಯಿ ಸಂಘದ್ದು. ವಿಮೆಗಳು ಮತ್ತು ದಾನ ಸೇರಿ 229 ರೂಪಾಯಿ ಗಾಯಕರದ್ದು. ಎರಡನ್ನೂ ಕೂಡಿಸಿದರೆ ಅವರು ತೆತ್ತ 6,078.50 ಪೈಸೆಗೆ ಪೈಸೆ ಹೊಂದುತ್ತದೆ. ಹೀಗೆ ಹೊಂದದೆ ಯಾವ ಬಿಲ್ಲನ್ನೂ ತೀರಿಸಬಾರದು.

ಎಲ್ಲವನ್ನೂ ಕೊಡುವುದೇ ಆದರೆ ವಿಂಗಡಿಸುವ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಸಂಘಕ್ಕೆ ಭಾರತದ ಜಿಎಸ್‌ಟಿ ನೋಂದಣಿಯಿಲ್ಲ; ಅಲ್ಲಿ ತೆತ್ತ ತೆರಿಗೆಯನ್ನು ಇಲ್ಲಿ ಹಿಂಪಡೆಯುವ ಮಾರ್ಗವೂ ಇಲ್ಲ. ಆ ದೃಷ್ಟಿಯಿಂದ ವಿಂಗಡಣೆಯಿಂದ ಬಿಡಿಗಾಸೂ ಸಿಗುವುದಿಲ್ಲವೆಂಬುದು ನಿಜ. ಅದರ ಪ್ರಯೋಜನ ಕಾಣುವುದು ಪ್ರಯಾಣ ತಪ್ಪಿದ ದಿನ. ನಾವು ಕಾರ್ಯಕ್ರಮವನ್ನು ಮುಂದೂಡಿದೆವು, ಅಥವಾ ವೀಸಾ ಕೇಂದ್ರದ ಸಮಯ ಬದಲಾಯಿತು, ಗಾಯಕರು ವಿಮಾನವನ್ನು ಹತ್ತಲಿಲ್ಲ ಎಂದುಕೊಳ್ಳಿ. ಅಗ್ಗದ ಟಿಕೆಟ್, ಏನೂ ಮರಳುವುದಿಲ್ಲವೆಂದು ಎಲ್ಲರೂ ಕೈಚೆಲ್ಲುತ್ತಾರೆ. ಆದರೆ ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ಟಿಕೆಟ್ಟನ್ನು ರದ್ದುಪಡಿಸಿದರೂ, ಪ್ರಯಾಣಿಕರು ಬಾರದೆಯೇ ಹೋದರೂ, ಶಾಸನಬದ್ಧ ತೆರಿಗೆಗಳನ್ನೂ ನಿಲ್ದಾಣದ ಶುಲ್ಕಗಳನ್ನೂ ಸಂಸ್ಥೆ ಮರಳಿಸಬೇಕು. ಮೂಲ ದರ ಮರಳಿಸಲಾಗದ ರಿಯಾಯಿತಿ ಟಿಕೆಟ್ಟುಗಳಿಗೂ ಇದು ಅನ್ವಯಿಸುತ್ತದೆ. ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ದರಗಳ ಮೊತ್ತವನ್ನು ಮೀರುವಂತಿಲ್ಲ ಎಂಬುದೂ ಅದೇ ನಿಯಮದಲ್ಲಿದೆ.

ನಮ್ಮ ಉದಾಹರಣೆಯಲ್ಲಿ ಸಂಸ್ಥೆ ಉಳಿಸಿಕೊಳ್ಳಬಹುದಾದ ಗರಿಷ್ಠ ಶುಲ್ಕ 3,400 ರೂಪಾಯಿ. ಭದ್ರತೆಯ 236 ಮತ್ತು ನಿಲ್ದಾಣದ 500, ಒಟ್ಟು 736 ರೂಪಾಯಿ ಮರಳಿ ಬರಲೇಬೇಕು. 170 ರೂಪಾಯಿಯ ಜಿಎಸ್‌ಟಿಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು: ಉಳಿಸಿಕೊಂಡ ರದ್ದತಿ ಶುಲ್ಕಕ್ಕೂ ಅದೇ ದರದ ತೆರಿಗೆ ಬೀಳುತ್ತದೆಯಾದ್ದರಿಂದ, ಸಂಸ್ಥೆ ಪೂರ್ತಿ 3,400ನ್ನು ಇಟ್ಟುಕೊಂಡರೆ ಈ ಮೊತ್ತ ಮರಳುವ ಭರವಸೆಯಿಟ್ಟುಕೊಳ್ಳುವಂತಿಲ್ಲ. ಕನ್ವೀನಿಯನ್ಸ್ ಫೀ ಸಾಮಾನ್ಯವಾಗಿ ಮರಳುವುದಿಲ್ಲ. ಎರಡನೆಯ ಸಾಲನ್ನು ಇಡಿಯಾಗಿ ತೆರಿಗೆಯೆಂದು ಬರೆದುಕೊಂಡವರು 1,306 ರೂಪಾಯಿಗಾಗಿ ಕಾಯುತ್ತಾರೆ. ವಿಂಗಡಿಸಿಯೇ ಇಲ್ಲದವರು ಯಾವುದಕ್ಕೂ ಕಾಯುವುದಿಲ್ಲ. ಆ 736 ರೂಪಾಯಿ ಕೇಳುವವರಿಲ್ಲದೆ ಉಳಿದುಬಿಡುತ್ತದೆ. ಒಬ್ಬರ ಟಿಕೆಟ್ಟಿಗೆ ಇಷ್ಟಾದರೆ, ಹನ್ನೆರಡು ಮಂದಿಯ ಯಕ್ಷಗಾನ ಮೇಳದ ಪ್ರಯಾಣ ರದ್ದಾದಾಗ ಅದು 8,832 ರೂಪಾಯಿ. ಜಾಲತಾಣದ ಮೂಲಕ ಕೊಂಡ ಟಿಕೆಟ್ಟಿನ ಹಣ ಸಾಮಾನ್ಯವಾಗಿ ಆ ಜಾಲತಾಣದ ಮೂಲಕವೇ, ಪಾವತಿ ಮಾಡಿದವರ ಖಾತೆಗೆ ಮರಳುತ್ತದೆ. ಆದ್ದರಿಂದ ಅರ್ಜಿ ಹಾಕಬೇಕಾದವರು ಅತಿಥಿಗಳ ಮನೆಯವರೇ; ಎಷ್ಟು ಬರಬೇಕೆಂದು ಅವರಿಗೆ ಮೊದಲೇ ತಿಳಿಸಿಕೊಡಬೇಕಾದವರು ನಾವು.

ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಸಲಹೆ ಇಷ್ಟು. ಆಹ್ವಾನಪತ್ರದ ಜೊತೆಗೇ ಅರ್ಧ ಪುಟದ ಟಿಪ್ಪಣಿಯೊಂದು ಹೋಗಲಿ. ವಾಹನ ಸಂಸ್ಥೆಯ ದರ, ನಿಲ್ದಾಣದ ಶುಲ್ಕ ಅಥವಾ ಟೋಲ್, ಪ್ರಯಾಣದ ಜಿಎಸ್‌ಟಿ, ತೆರಿಗೆಸಹಿತವಾದ ಕನ್ವೀನಿಯನ್ಸ್ ಫೀ ಇವನ್ನು ರಿಯಾಯಿತಿ ಕಳೆದು ಸಂಘ ಕೊಡುತ್ತದೆ. ವಿಮೆ, ದಾನ, ಆಯ್ದ ಸೀಟಿನ ಹಣ ಮೊದಲೇ ಒಪ್ಪಿಗೆಯಾಗದಿದ್ದರೆ ಕೊಡುವುದಿಲ್ಲ ಎಂದು ಅದರಲ್ಲಿ ತಿಳಿಗನ್ನಡದಲ್ಲಿ ಬರೆದಿರಲಿ. ವಿಮಾನಯಾನ ಸಂಸ್ಥೆಯ ಇನ್ವಾಯ್ಸನ್ನೂ ಬುಕಿಂಗ್ ಸಾರಾಂಶವನ್ನೂ ಪಿಡಿಎಫ್ ರೂಪದಲ್ಲಿ ಕೇಳೋಣ. ಹಳೆಯ ಅರ್ಜಿಯಲ್ಲಿರುವ ‘ತೆರಿಗೆ ಇತ್ಯಾದಿ’ ಎಂಬ ಅಂಕಣವನ್ನು ತೆಗೆದುಹಾಕೋಣ. ಪೌಂಡಿಗೆ ಪರಿವರ್ತಿಸುವುದು ಕೊನೆಯಲ್ಲಿ ಒಮ್ಮೆ, ಒಟ್ಟು ಮೊತ್ತಕ್ಕೆ ಮಾತ್ರ ಆಗಲಿ. ಸಾಲುಸಾಲಿಗೂ ಪರಿವರ್ತಿಸಿದರೆ ಪೆನ್ನಿಗಳು ಹೊಂದದೆ ಶೇಕಡಾ 5ರ ಪರೀಕ್ಷೆಯೇ ಕೆಟ್ಟುಹೋಗುತ್ತದೆ. ಯುಗಾದಿ ಕಾರ್ಯಕ್ರಮದ ಅತಿಥಿಗಳಿಗೆ ಪತ್ರ ಹೋಗುವ ಮೊದಲು ಸಮಿತಿ ಈ ಟಿಪ್ಪಣಿಯನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ. ಕರಡನ್ನು ಸಿದ್ಧಪಡಿಸಿಕೊಡಲು ನಾನು ತಯಾರಿದ್ದೇನೆ.